ಕೆಲಸವೂ ಲೆಕ್ಕಕ್ಕೆ ಬರಲಿ
ಥೈರಾಯ್ಡ್ ಮಂದವಾದ ಮೈಗೆ ಎಷ್ಟು ನಡಿಗೆ, ಎಷ್ಟು ವಿಶ್ರಾಂತಿ?

ಕೃಷ್ಣಗಿರಿ ಜಿಲ್ಲೆಯ ಅಂಚೆಟ್ಟಿಯ ಕಡೆ ಹೊಲಗೆಲಸ ಮಾಡುವ ಹೆಂಗಸಿಗೆ ‘ದಿನಾ ಸ್ವಲ್ಪ ವ್ಯಾಯಾಮ ಮಾಡಮ್ಮ’ ಎಂದರೆ ನಗು ಬರುವುದು ಸಹಜ. ಬೆಳಗಾದರೆ ನೀರು ಹೊರಬೇಕು, ಸಗಣಿ ಬಾಚಬೇಕು, ರಾಗಿ ಹೊಲದಲ್ಲಿ ಬಗ್ಗಿ ಕಳೆ ಕೀಳಬೇಕು, ಸಂಜೆಗೆ ಹುಲ್ಲಿನ ಹೊರೆ ತರಬೇಕು. ಇಷ್ಟರ ಮೇಲೆ ಇನ್ನೆಂಥ ವ್ಯಾಯಾಮ? ಥೈರಾಯ್ಡ್ ಗ್ರಂಥಿ ಮಂದವಾದವರ ಮಟ್ಟಿಗೆ ಈ ಪ್ರಶ್ನೆಯನ್ನು ನಗೆಯಾಡಿ ಬಿಡುವಂತಿಲ್ಲ. ಅವರ ಮೈಗೆ ಚಲನೆಯೂ ಬೇಕು, ಅಳತೆಯೂ ಬೇಕು. ಆ ಅಳತೆಯಲ್ಲಿ ಹೊಲದ ದುಡಿಮೆಯನ್ನು ಸೇರಿಸದೆ ಹೋದರೆ ಲೆಕ್ಕವೇ ತಪ್ಪುತ್ತದೆ.

ಥೈರಾಯ್ಡ್ ಹಾರ್ಮೋನು ಕಡಿಮೆಯಾಗುವ ಸ್ಥಿತಿಯನ್ನು ವೈದ್ಯರು ಹೈಪೋಥೈರಾಯ್ಡಿಸಮ್ ಎನ್ನುತ್ತಾರೆ. ಬೆಂಗಳೂರು, ಚೆನ್ನೈ ಸೇರಿದಂತೆ ದೇಶದ ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ವಯಸ್ಕರ ಪೈಕಿ ಸುಮಾರು ಶೇ 11 ಮಂದಿಗೆ ಈ ತೊಂದರೆ ಕಂಡಿತ್ತು. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಸುಸ್ತು, ಮೈ ಭಾರ, ಚಳಿ ತಡೆಯಲಾಗದಿರುವುದು, ಮಲಬದ್ಧತೆ, ಕೂದಲು ಉದುರುವುದು, ಮುಟ್ಟಿನ ಏರುಪೇರು ಇದರ ಸಾಮಾನ್ಯ ಲಕ್ಷಣಗಳು. ಇವೆಲ್ಲ ದುಡಿಮೆಗೂ ವಯಸ್ಸಿಗೂ ಅಂಟಿಸಿ ಮರೆಯಬಹುದಾದ ಲಕ್ಷಣಗಳೇ. ಹಾಗಾಗಿ ಕಾಯಿಲೆ ಗೊತ್ತಾಗುವಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ.

ಸೋಮಾರಿತನವಲ್ಲ, ಸ್ನಾಯುವಿನ ತೊಡಕು

ಈ ಸುಸ್ತು ಸ್ನಾಯುವಿನ ಒಳಗೇ ಹುಟ್ಟುತ್ತದೆ. ಸ್ನಾಯು ಕೆಲಸ ಮಾಡಲು ಒಮ್ಮೆ ಬಿಗಿಯಬೇಕು, ಮತ್ತೆ ಸಡಿಲಬೇಕು. ಹಾರ್ಮೋನು ಸಾಲದಿದ್ದಾಗ ಸಡಿಲುವುದು ನಿಧಾನವಾಗುತ್ತದೆ, ಶಕ್ತಿ ತಯಾರಾಗುವುದೂ ತಗ್ಗುತ್ತದೆ. ವೈದ್ಯರು ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವನ್ನು ಚಿಕ್ಕ ಸುತ್ತಿಗೆಯಿಂದ ತಟ್ಟುವುದನ್ನು ನೀವು ನೋಡಿರಬಹುದು. ಪಾದ ಚಟ್ಟನೆ ಕುಣಿದು ಚಟ್ಟನೆ ಮರಳಬೇಕು. ಥೈರಾಯ್ಡ್ ಬಹಳ ಕುಗ್ಗಿದವರಲ್ಲಿ ಕುಣಿಯುವುದು ಕುಣಿಯುತ್ತದೆ, ಮರಳುವುದು ಮಾತ್ರ ಆಮೆಯಂತೆ.

ಮೊದಲು ಸೋಲುವುದು ತೊಡೆ, ಸೊಂಟ ಮತ್ತು ಭುಜದ ದೊಡ್ಡ ಸ್ನಾಯುಗಳು. ಆದ್ದರಿಂದ ನಮ್ಮ ಮನೆಗಳಲ್ಲಿ ಇದರ ಸುಳಿವು ಬೇರೆ ರೀತಿಯಲ್ಲೇ ಸಿಗುತ್ತದೆ. ಚಾಪೆಯಿಂದ ಏಳುವಾಗ ಗೋಡೆ ಹಿಡಿಯಬೇಕೆನಿಸುತ್ತದೆ. ಕುಕ್ಕರಗಾಲಲ್ಲಿ ಕೂತವರಿಗೆ ಏಳಲು ಆಗುವುದಿಲ್ಲ. ಬಿಂದಿಗೆಯನ್ನು ತಲೆಗೇರಿಸುವಾಗ ತೋಳು ನಡುಗುತ್ತದೆ. ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ.

ಹೃದಯದ ಕತೆಯೂ ಇದೇ. ಮೆಟ್ಟಿಲು ಹತ್ತುವಾಗ ಆರೋಗ್ಯವಂತರ ಹೃದಯ ಬಡಿತ ಏರಿಸಿ ರಕ್ತ ಹೆಚ್ಚು ಕಳುಹಿಸುತ್ತದೆ. ಥೈರಾಯ್ಡ್ ಮಂದವಾದ ಹೃದಯ ಅಷ್ಟು ಚುರುಕಾಗಿ ಸ್ಪಂದಿಸುವುದಿಲ್ಲ. ಆದ್ದರಿಂದ ‘220ರಿಂದ ವಯಸ್ಸು ಕಳೆದು ಅದರ ಇಷ್ಟು ಭಾಗ ನಾಡಿ ಬರುವವರೆಗೆ ಓಡಿ’ ಎಂಬ ಸಾಮಾನ್ಯ ಸೂತ್ರ ಇವರಿಗೆ ನಂಬಿಕೆಗೆ ಅರ್ಹವಲ್ಲ. ರಕ್ತದೊತ್ತಡಕ್ಕೆ ನಾಡಿ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೂ ಅದು ಹೊಂದದು. ಇವರಿಗೆ ಮಾತಿನ ಅಳತೆಯೇ ಸರಿ. ನಡೆಯುತ್ತಾ ಪೂರ್ತಿ ವಾಕ್ಯ ಮಾತಾಡಲು ಬರಬೇಕು, ಹಾಡಲು ಮಾತ್ರ ಕಷ್ಟವಾಗಬೇಕು. ಎರಡು ಮಾತಿಗೊಮ್ಮೆ ಉಸಿರು ಹಿಡಿಯಬೇಕಾದರೆ ಹೆಜ್ಜೆ ನಿಧಾನಿಸಬೇಕು.

ಮಾತ್ರೆಗೂ ನಡಿಗೆಗೂ ಒಂದು ಹೊಂದಾಣಿಕೆ

ಇದಕ್ಕೆ ಕೊಡುವ ಮಾತ್ರೆ ಲೆವೊಥೈರಾಕ್ಸಿನ್. ಗ್ರಂಥಿ ಕೊಡಬೇಕಾದ ಹಾರ್ಮೋನನ್ನೇ ಮಾತ್ರೆಯಾಗಿ ಕೊಡುವುದು ಇದರ ಕೆಲಸ. ಬೆಳಗ್ಗೆ ಬರಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ ಅರ್ಧದಿಂದ ಒಂದು ಗಂಟೆಯವರೆಗೆ ಕಾಫಿ, ತಿಂಡಿ ಮುಟ್ಟಬಾರದು. ಕಬ್ಬಿಣಾಂಶದ ಮಾತ್ರೆ ಅಥವಾ ಕ್ಯಾಲ್ಸಿಯಂ ಮಾತ್ರೆ ಇದ್ದರೆ ನಾಲ್ಕು ಗಂಟೆ ಅಂತರ ಬೇಕು. ರಕ್ತಹೀನತೆಗೆ ಕೊಟ್ಟ ಕಬ್ಬಿಣದ ಮಾತ್ರೆಯನ್ನೂ ಇದನ್ನೂ ಒಟ್ಟಿಗೇ ನುಂಗಿ, ತಿಂಗಳಾದರೂ ಸುಸ್ತು ಇಳಿಯಲಿಲ್ಲ ಎನ್ನುವವರು ಅನೇಕರು. ಆ ಎರಡೂ ಜೊತೆಯಾದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ರಕ್ತಕ್ಕೆ ಸೇರುವುದೇ ಇಲ್ಲ.

ಕಾಫಿಗೆ ಕಾಯುವ ಆ ಒಂದು ಗಂಟೆಯನ್ನೇ ನಡಿಗೆಗೆ ಬಳಸಿಕೊಳ್ಳಬಹುದು. ಆದರೆ ಅಂಚೆಟ್ಟಿಯಲ್ಲಿ ಅದಕ್ಕೊಂದು ಷರತ್ತಿದೆ. ಸುತ್ತ ಮೇಲಗಿರಿ ಬೆಟ್ಟದ ಕಾಡು. 2014ರಲ್ಲಿ ಇದರ ದೊಡ್ಡ ಭಾಗ ಕಾವೇರಿ ಉತ್ತರ ವನ್ಯಜೀವಿ ಧಾಮವಾಯಿತು. ರಾಗಿ ತೆನೆ ಕಟ್ಟುವ ಕಾಲದಲ್ಲಿ ಆನೆಗಳು ಹೊಲಕ್ಕಿಳಿಯುವುದು ಈ ಸೀಮೆಗೆ ಹೊಸದಲ್ಲ. ಪಟ್ಟಣದವರಂತೆ ಕತ್ತಲಲ್ಲೇ ಎದ್ದು ಕಾಡಂಚಿನ ದಾರಿಯಲ್ಲಿ ನಡೆಯುವುದು ಇಲ್ಲಿ ಆರೋಗ್ಯದ ಕೆಲಸವಲ್ಲ. ಎದ್ದ ತಕ್ಷಣ ಮಾತ್ರೆ ನುಂಗಿ, ಬೆಳಕು ಹರಿದ ಮೇಲೆ ಊರೊಳಗಿನ ಸಮತಟ್ಟಾದ ಬೀದಿಯಲ್ಲೋ ಶಾಲೆಯ ಮೈದಾನದಲ್ಲೋ ನಡೆದು ಬಂದು ಕಾಫಿ ಕುಡಿಯಬಹುದು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಬರಿ ಹೊಟ್ಟೆಯ ನಡಿಗೆಯನ್ನು ವೈದ್ಯರನ್ನು ಕೇಳಿಯೇ ಮಾಡಬೇಕು. ಬೆಳಗ್ಗೆ ಹೊಂದದವರಿಗೆ ರಾತ್ರಿ ಊಟವಾಗಿ ಮೂರು ಗಂಟೆಯ ನಂತರ ಮಾತ್ರೆ ತೆಗೆದುಕೊಳ್ಳುವ ದಾರಿಯೂ ಇದೆ. ಅದನ್ನೂ ಕೇಳಿ ಬದಲಿಸುವುದು ಒಳ್ಳೆಯದು.

ಒಂದು ಲೆಕ್ಕ ಹಾಕಿ ನೋಡೋಣ

ಉದಾಹರಣೆಗೆ 45 ವರ್ಷದ, 60 ಕಿಲೋ ತೂಕದ, ಹೃದಯದ ತೊಂದರೆಯಿಲ್ಲದ ಗೃಹಿಣಿಯೊಬ್ಬಳನ್ನು ಊಹಿಸಿಕೊಳ್ಳಿ. ಟಿಎಸ್‌ಎಚ್ 38 ಬಂದಿದೆ. ಸಾಮಾನ್ಯವಾಗಿ ಅದು ಸುಮಾರು 0.4ರಿಂದ 4.5ರೊಳಗೆ ಇರುತ್ತದೆ. ಗ್ರಂಥಿ ಸೋತಷ್ಟೂ ಮಿದುಳಿನ ಬುಡದ ಪಿಟ್ಯುಟರಿ ‘ಕೆಲಸ ಮಾಡು’ ಎಂದು ಜೋರಾಗಿ ಕೂಗುತ್ತದೆ. ಟಿಎಸ್‌ಎಚ್ ಅಂದರೆ ಆ ಕೂಗು. ಪೂರ್ತಿ ಪ್ರಮಾಣದ ಮಾತ್ರೆ ಸ್ಥೂಲವಾಗಿ ಒಂದು ಕಿಲೋ ತೂಕಕ್ಕೆ 1.6 ಮೈಕ್ರೊಗ್ರಾಂ, ಅಂದರೆ ಇವಳಿಗೆ ಸುಮಾರು 100. ಅಲ್ಲಿಗೆ ಒಮ್ಮೆಗೇ ಹೋಗಬೇಕೋ ಮೆಲ್ಲಗೆ ಏರಬೇಕೋ ಎನ್ನುವುದು ವೈದ್ಯರ ತೀರ್ಮಾನ. ವಯಸ್ಸಾದವರಿಗೆ, ಹೃದಯದ ಕಾಯಿಲೆಯವರಿಗೆ 12.5 ಅಥವಾ 25ರಿಂದ ಶುರುಮಾಡುತ್ತಾರೆ.

ಮೊದಲ ಎರಡು ವಾರ ವಾರಕ್ಕೆ ಮೂರು ದಿನ, ಸಮತಟ್ಟಾದ ಕಡೆ ಹತ್ತು ನಿಮಿಷದ ನಡಿಗೆ ಸಾಕು. ಕಳೆ ಕೀಳುವ ದಿನ, ಹೊರೆ ಹೊತ್ತ ದಿನ, ಘಾಟಿ ರಸ್ತೆಯಲ್ಲಿ ಬಸ್ಸಿನಲ್ಲಿ ನಿಂತು ದೇಂಕಣಿಕೋಟೆಗೆ ಹೋಗಿಬಂದ ದಿನ ನಡಿಗೆ ಬೇಡ. ಆ ದಿನದ ಪಾಲು ತೀರಿತು. ಇಷ್ಟು ದಿನ ಇವಳು ಸೋತದ್ದು ಇಲ್ಲಿಯೇ. ಸ್ವಲ್ಪ ಹಗುರ ಎನಿಸಿದ ದಿನ ಬಾಕಿ ಕೆಲಸವನ್ನೆಲ್ಲ ಒಮ್ಮೆಗೇ ಮುಗಿಸುವುದು, ಮಾರನೆಯ ಎರಡು ದಿನ ಹಾಸಿಗೆ ಹಿಡಿಯುವುದು. ಕಳೆಯನ್ನು ಎರಡು ಗಂಟೆ ಒಂದೇ ಸಮನೆ ಕೀಳುವ ಬದಲು ಅರ್ಧ ಗಂಟೆಗೊಮ್ಮೆ ನೆರಳಿಗೆ ಬಂದು ಹತ್ತು ನಿಮಿಷ ಕೂತರೆ ಕೆಲಸವೂ ಸಾಗುತ್ತದೆ, ನಾಳೆಯೂ ಉಳಿಯುತ್ತದೆ.

ಮೂರನೆಯ ವಾರದಿಂದ ವಾರಕ್ಕೆ ಎರಡು ನಿಮಿಷದಂತೆ ನಡಿಗೆ ಬೆಳೆಸಬಹುದು. ಜೊತೆಗೆ ವಾರದಲ್ಲಿ ಎರಡು ದಿನ ಕುರ್ಚಿಯ ಅಭ್ಯಾಸ. ಕೈ ಊರದೆ ಎದ್ದು ಕೂರುವುದು ಐದು ಸಲ, ಎರಡು ನಿಮಿಷ ವಿಶ್ರಾಂತಿ, ಮತ್ತೆ ಐದು ಸಲ. ಗೋಡೆಗೆ ಅಂಗೈ ಒತ್ತಿ ಹಿಂದೆ ಮುಂದೆ ಬಾಗುವುದು ಅಷ್ಟೇ ಸಲ. ಸೋತಿದ್ದ ತೊಡೆ, ಭುಜಗಳಿಗೆ ಇದು ನೇರವಾದ ಮದ್ದು. ನಡುವೆ ಎರಡು ದಿನ ಬಿಡಲೇಬೇಕು.

ಏರಿಸಬೇಕೋ ಬೇಡವೋ ಎಂದು ಹೇಳುವುದು ಮಾರನೆಯ ಬೆಳಗು. ಸಣ್ಣ ನೋವಿದ್ದು ಮಧ್ಯಾಹ್ನಕ್ಕೆ ಹೋದರೆ ಸರಿ. ಎರಡನೆಯ ದಿನವೂ ಮೈ ಎತ್ತಲಾಗದಿದ್ದರೆ ಹಿಂದಿನ ಅಳತೆ ಹೆಚ್ಚಾಯಿತು. ಪೂರ್ತಿ ನಿಲ್ಲಿಸುವ ಬದಲು ಅರ್ಧಕ್ಕೆ ಇಳಿಸಿ ಒಂದು ವಾರ ಅಲ್ಲೇ ಇರಬೇಕು.

ಆರರಿಂದ ಎಂಟು ವಾರಕ್ಕೆ ಮತ್ತೆ ಟಿಎಸ್‌ಎಚ್ ಪರೀಕ್ಷೆ. ಈ ಮಾತ್ರೆ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಏಳು ದಿನ ಬೇಕು, ಒಂದು ಮಟ್ಟಕ್ಕೆ ಬಂದು ನಿಲ್ಲಲು ವಾರಗಳೇ ಹಿಡಿಯುತ್ತವೆ. ಅದಕ್ಕೇ ಹದಿನೈದು ದಿನಕ್ಕೇ ಪರೀಕ್ಷೆ ಮಾಡಿಸಿದರೆ ದುಡ್ಡು ದಂಡ. ಅಂಕಿ ಹತೋಟಿಗೆ ಬಂದ ಮೇಲೆ ದಿಬ್ಬದ ದಾರಿ ಸೇರಿಸಬಹುದು. ಆದರೆ ದೂರ, ಏರು ಎರಡನ್ನೂ ಒಂದೇ ವಾರ ಹೆಚ್ಚಿಸಬಾರದು. ಮೂರ್ನಾಲ್ಕು ತಿಂಗಳಲ್ಲಿ ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನದ ನಡಿಗೆ ಮುಟ್ಟಿದರೆ ಚೆನ್ನಾಯಿತು. ಅಂಕಿ ಸರಿಯಾದ ಕೂಡಲೇ ಸ್ನಾಯು ಸರಿಯಾಗುವುದಿಲ್ಲ, ಅದಕ್ಕೆ ಇನ್ನೂ ಕೆಲವು ತಿಂಗಳು ಬೇಕಾಗಬಹುದು.

ತೂಕದ ಬಗ್ಗೆ ಒಂದು ಮಾತು. ಈ ಕಾಯಿಲೆಯಿಂದಲೇ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ಐದು ಕಿಲೋದಷ್ಟೇ, ಅದರಲ್ಲೂ ಬಹುಪಾಲು ಉಪ್ಪು, ನೀರು. ಹದಿನೈದು ಕಿಲೋ ಇಳಿಯಲೆಂದು ಮಾತ್ರೆಯನ್ನು ತಾವೇ ಹೆಚ್ಚಿಸಿಕೊಂಡರೆ ಕೊಬ್ಬಿಗಿಂತ ಮೊದಲು ಹೃದಯ ಮತ್ತು ಮೂಳೆ ಬೆಲೆ ತೆರುತ್ತವೆ. ಕೈ ನಡುಕ, ಬೆವರು, ನಿದ್ದೆಗೇಡು, ಸುಮ್ಮನೆ ಕೂತಾಗಲೂ ನಾಡಿ ನಿಮಿಷಕ್ಕೆ 100 ದಾಟುವುದು ಮಾತ್ರೆ ಹೆಚ್ಚಾದದ್ದರ ಗುರುತು. ಆಗ ವ್ಯಾಯಾಮ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಕಾಯಬಾರದ ಲಕ್ಷಣಗಳು

ಎದೆನೋವು, ತಲೆಸುತ್ತಿ ಬೀಳುವುದು, ಕೂತಾಗಲೂ ಮಲಗಿದಾಗಲೂ ಉಸಿರು ಕಟ್ಟುವುದು, ನಾಡಿ ತಾಳತಪ್ಪಿ ಹಾರುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಥೈರಾಯ್ಡ್ ಬಹಳ ಕುಗ್ಗಿದವರಲ್ಲಿ ಹೃದಯದ ಸುತ್ತ ನೀರು ತುಂಬಿಕೊಳ್ಳುವುದುಂಟು. ವ್ಯಾಯಾಮದ ಮಾರನೆಯ ದಿನ ಸ್ನಾಯುಗಳು ಊದಿಕೊಂಡು ತಡೆಯಲಾಗದ ನೋವು ಬಂದು, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಸ್ನಾಯು ಒಡೆದು ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತಿರಬಹುದು, ಆಗಲೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ತಿನ್ನುವವರಲ್ಲಿ, ಥೈರಾಯ್ಡ್ ಹತೋಟಿಗೆ ಬಾರದಿದ್ದರೆ ಈ ಅಪಾಯ ಹೆಚ್ಚು. ಮೈ ತಣ್ಣಗಾಗಿ, ಎಬ್ಬಿಸಿದರೂ ಮಂಪರು, ಮಾತು ತೊದಲು, ಗೊಂದಲ ಇದ್ದರೆ 108ಕ್ಕೆ ಕರೆ ಮಾಡಬೇಕು. ಅದು ಪ್ರಾಣಾಪಾಯದ ಸ್ಥಿತಿ.

ಕುತ್ತಿಗೆಯಲ್ಲಿ ಗಡ್ಡೆ ಬೆಳೆಯುವುದು, ನುಂಗಲು ತೊಡಕು, ದನಿ ಒಡೆಯುವುದು ಕಂಡರೆ ಕೆಲವೇ ದಿನಗಳಲ್ಲಿ ತೋರಿಸಬೇಕು. ಗರ್ಭ ನಿಂತಿದೆ ಎಂದು ತಿಳಿದ ಕೂಡಲೇ ವೈದ್ಯರಿಗೆ ಹೇಳಬೇಕು. ಮಾತ್ರೆಯ ಪ್ರಮಾಣ ಆಗ ಹೆಚ್ಚಿಸಬೇಕಾಗುತ್ತದೆ, ಮುಂದಿನ ಭೇಟಿಯವರೆಗೆ ಕಾಯುವಂತಿಲ್ಲ. ಮಾತ್ರೆ ಶುರುವಾದ ಮೇಲೆ ಸುಸ್ತು ಇನ್ನೂ ಹೆಚ್ಚಾಗಿ, ತೂಕ ಇಳಿದು, ವಾಂತಿ ಬಂದು, ಚರ್ಮ ಕಪ್ಪಾಗುತ್ತಿದ್ದರೆ ಅಡ್ರಿನಲ್ ಗ್ರಂಥಿಯೂ ಸೋತಿರಬಹುದು. ಇದನ್ನೂ ತಡಮಾಡದೆ ತೋರಿಸಬೇಕು. ಟಿಎಸ್‌ಎಚ್ ಸರಿಯಾಗಿ ತಿಂಗಳುಗಳಾದರೂ ದಣಿವು ಇದ್ದರೆ ಥೈರಾಯ್ಡನ್ನೇ ದೂರುತ್ತ ಕೂರದೆ ರಕ್ತಹೀನತೆ, ಬಿ12 ಕೊರತೆ, ಸಕ್ಕರೆ, ಗೊರಕೆಯೊಂದಿಗೆ ಉಸಿರು ನಿಲ್ಲುವ ನಿದ್ರಾದೋಷ, ಮನಸ್ಸಿನ ಖಿನ್ನತೆ ಇವನ್ನೂ ನೋಡಿಸಬೇಕು.

ತಮಿಳುನಾಡು ಸರ್ಕಾರ ಮನೆಬಾಗಿಲಿಗೆ ಔಷಧಿ ತಲುಪಿಸುವ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯನ್ನು 2021ರ ಆಗಸ್ಟ್‌ನಲ್ಲಿ ಶುರುಮಾಡಿದ್ದು ಇದೇ ಕೃಷ್ಣಗಿರಿ ಜಿಲ್ಲೆಯಲ್ಲಿ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮಾತ್ರೆ ಅದರ ಮುಖ್ಯ ಕೆಲಸ. ಆರೋಗ್ಯ ಕಾರ್ಯಕರ್ತೆ ಮನೆಗೆ ಬಂದ ದಿನ ಬಿಪಿ ನೋಡಿಸಿಕೊಂಡು ಸುಮ್ಮನಾಗಬೇಡಿ. ಚಾಪೆಯಿಂದ ಏಳಲು ಗೋಡೆ ಹಿಡಿಯಬೇಕಾಗಿದೆ ಎಂಬುದನ್ನೂ ಹೇಳಿ, ಟಿಎಸ್‌ಎಚ್ ಪರೀಕ್ಷೆ ಎಲ್ಲಿ ಮಾಡಿಸಬಹುದೆಂದು ಕೇಳಿ.