ನಿಮಗಿದು ಗೊತ್ತೆ? ಕೂಡದೆಯೇ ಸಿಗುವ ಫಿಬೊನಾಚಿ

1, 1, 2, 3, 5, 8... ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ಇದೇ ಫಿಬೊನಾಚಿ ಸರಣಿ. ಇದರ 20ನೇ ಸಂಖ್ಯೆ ಬೇಕೆಂದರೆ ಒಂದೊಂದಾಗಿ ಕೂಡುತ್ತಲೇ ಹೋಗಬೇಕೆ?

ಬೇಕಿಲ್ಲ. ಈ ಕೂಡುವ ನಿಯಮವನ್ನು ಒಂದು ಪುಟ್ಟ ಮಾತೃಕೆಯಾಗಿ ಬರೆಯಬಹುದು: ಮೇಲಿನ ಸಾಲು 1, 1, ಕೆಳಗಿನ ಸಾಲು 1, 0. ಇದನ್ನು A ಎನ್ನೋಣ. Aⁿ ಲೆಕ್ಕ ಹಾಕಿದರೆ ಅದರ ಮೇಲಿನ ಸಾಲಿನ ಎರಡನೆಯ ಅಂಕಿಯೇ nನೇ ಫಿಬೊನಾಚಿ ಸಂಖ್ಯೆ.

ಆದರೆ ಮಾತೃಕೆಯನ್ನು ಮತ್ತೆ ಮತ್ತೆ ಗುಣಿಸುವುದೂ ತ್ರಾಸವೇ. ಅದಕ್ಕೆ A = PDP⁻¹ ಎಂದು ಒಡೆಯುತ್ತಾರೆ. D ಕರ್ಣ ಮಾತೃಕೆ. ಅದರ ಕರ್ಣದ ಮೇಲಷ್ಟೇ ಅಂಕಿಗಳಿರುತ್ತವೆ, ಉಳಿದೆಡೆ ಸೊನ್ನೆ. A ಯನ್ನು n ಸಲ ಗುಣಿಸುವಾಗ ನಡುವೆ ಬರುವ P⁻¹P ಜೋಡಿಗಳೆಲ್ಲ ಅಳಿಸಿಹೋಗಿ Aⁿ = PDⁿP⁻¹ ಉಳಿಯುತ್ತದೆ. Dⁿಗೆ ಕರ್ಣದ ಎರಡು ಅಂಕಿಗಳ ಘಾತ ಕಂಡುಕೊಂಡರೆ ಮುಗಿಯಿತು.

ಆ ಎರಡು ಅಂಕಿಗಳು x² = x + 1 ಸಮೀಕರಣದ ಮೂಲಗಳು: ಸುಮಾರು 1.618 ಮತ್ತು −0.618. ಎರಡನೆಯದರ ಘಾತ ಬೇಗನೆ ಸೊನ್ನೆಯತ್ತ ಕುಗ್ಗುವುದರಿಂದ ಅದನ್ನು ಬಿಟ್ಟರೂ ನಡೆಯುತ್ತದೆ. ಮೊದಲನೆಯದರ 20ನೇ ಘಾತ ಸುಮಾರು 15127. P ಮತ್ತು P⁻¹ಗಳನ್ನು ಗುಣಿಸಿದಾಗ ಬರುವ ಭಾಜಕ √5. ಹಾಗಾಗಿ ಅದನ್ನು √5ರಿಂದ ಭಾಗಿಸಿ, ಹತ್ತಿರದ ಪೂರ್ಣಾಂಕ ತೆಗೆದುಕೊಳ್ಳಿ: 6765. ಸರಿಯುತ್ತರ ಅದೇ!

ಒಂದು ಎಚ್ಚರ. √5 ಮುಗಿಯದ ದಶಮಾಂಶ. ಕಂಪ್ಯೂಟರ್ ಅದನ್ನು ಸುಮಾರು 16 ಅಂಕಿಗಳಿಗೆ ಮೊಟಕುಗೊಳಿಸುವುದರಿಂದ, n 70 ದಾಟುತ್ತಿದ್ದಂತೆ ಉತ್ತರದ ಕೊನೆಯ ಅಂಕಿ ತಪ್ಪತೊಡಗುತ್ತದೆ. ಹಿಂದಿನ ಎರಡನ್ನು ಕೂಡಿ ನೋಡಿದರೆ ಎಡವಟ್ಟು ಗೊತ್ತಾಗುತ್ತದೆ. ನಿಖರ ಉತ್ತರವೇ ಬೇಕಾದಾಗ ಪೂರ್ಣಾಂಕಗಳಲ್ಲೇ A ಯನ್ನು ವರ್ಗಿಸುತ್ತ A², A⁴, A⁸ ಎಂದು ಹೋಗುವುದೇ ವಾಸಿ.