ಆರು ತಿಂಗಳ ಅಂತರ, ಒಂದೇ ಕ್ಷಣದ ಕಥೆ

ತಾಯಿ ಮಗನಿಗೆ ಅನ್ನ ತಿನ್ನಿಸುತ್ತಿದ್ದಾಳೆ. ಹುಡುಗನಿಗೆ ಬಿಲ್ಲುಬಾಣದ ಆಟದ ಮೇಲೆಯೇ ಲಕ್ಷ್ಯ. ಬಿಟ್ಟ ಬಾಣವನ್ನು ತರಲು ಅವನು ಓಡುತ್ತಾನೆ. ತಾಯಿ ತಟ್ಟೆ ಹಿಡಿದು ಹಿಂದೆ ಹೋಗುತ್ತಾಳೆ. ಇನ್ನು ಅವನು ಉಣ್ಣುವವನಲ್ಲವೆಂದು ತಿಳಿದು ಉಳಿದ ಅನ್ನವನ್ನು ಕುಂಡದೊಳಕ್ಕೆ ಎಸೆಯುತ್ತಾಳೆ. ಕಾದು ಕುಳಿತಿದ್ದ ನಾಯಿ ಹೋಗಿ ಅದನ್ನು ತಿನ್ನುತ್ತದೆ.

ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ (1955) ಚಿತ್ರದ ಈ ದೃಶ್ಯ ನೋಡುವವರಿಗೆ ಸ್ವಲ್ಪ ಹೊತ್ತಿನ ಸಂಗತಿ. ಆದರೆ ನಾಯಿ ಅನ್ನ ತಿನ್ನುವ ಭಾಗವನ್ನು ತೆಗೆಯುವ ಮೊದಲೇ ಅಂದಿನ ಬೆಳಕೂ ಮುಗಿಯಿತು, ಕೈಯಲ್ಲಿದ್ದ ಹಣವೂ ಮುಗಿಯಿತು. ಉಳಿದದ್ದನ್ನು ತೆಗೆಯಲು ಕಲ್ಕತ್ತೆಯ ಬಳಿಯ ಬೋಡಾಲ್ ಹಳ್ಳಿಗೆ ತಂಡ ಮತ್ತೆ ಹೋದದ್ದು ಆರು ತಿಂಗಳ ಮೇಲೆ.

ಇಂತಹ ಎರಡು ದಿನಗಳನ್ನು ಒಂದು ಕ್ಷಣವಾಗಿ ಹೊಂದಿಸಲು ಚಿತ್ರರಂಗದವರು ಇಡುವ ಬರಹಕ್ಕೆ ಕಂಟಿನ್ಯುಯಿಟಿ ಟಿಪ್ಪಣಿ ಎಂದು ಹೆಸರು. ಇದೇ ದೃಶ್ಯಕ್ಕೆ ಟಿಪ್ಪಣಿ ಬರೆಯುವುದಾದರೆ ಏನೇನು ಬರೆಯಬೇಕು, ನೋಡೋಣ.

ಮೊದಲು ದೃಶ್ಯದ ಸಂಖ್ಯೆ, ಷಾಟಿನ ಸಂಖ್ಯೆ, ಅದು ಕಥೆಯ ಎಷ್ಟನೆಯ ದಿನ ಎಂಬುದು. ಚಿತ್ರೀಕರಣದ ದಿನಾಂಕ ಯಾವುದೇ ಇರಲಿ, ಉಡುಪು ನಿರ್ಧಾರವಾಗುವುದು ಕಥೆಯ ದಿನದಿಂದ. ಆಮೇಲೆ ಮೈಮೇಲಿರುವುದು: ಸೀರೆಯ ಸೆರಗು ತಲೆಯ ಮೇಲಿದೆಯೋ ಹೆಗಲಿಗೆ ಜಾರಿದೆಯೋ, ಹುಡುಗನ ಕೂದಲು ಎಷ್ಟು ಕೆದರಿದೆ. ಅನಂತರ ಕೈಯಲ್ಲಿರುವುದು: ತಟ್ಟೆ ಯಾವ ಕೈಯಲ್ಲಿದೆ, ಅದರಲ್ಲಿ ಅನ್ನ ಎಷ್ಟು ಉಳಿದಿದೆ. ಕೊನೆಗೆ ನಿಂತ ಜಾಗ: ನಾಯಿ ಕುಂಡದ ಯಾವ ಪಕ್ಕದಲ್ಲಿತ್ತು, ಹುಡುಗ ಪರದೆಯ ಯಾವ ಅಂಚಿನಿಂದ ಹೊರಗೆ ಹೋದ. ಬಲ ಅಂಚಿನಿಂದ ಹೊರಗೆ ಹೋದವನು ಮುಂದಿನ ಷಾಟಿನಲ್ಲಿ ಎಡ ಅಂಚಿನಿಂದ ಒಳಗೆ ಬರಬೇಕು. ಬಲದಿಂದಲೇ ಬಂದರೆ ಓಡಿಹೋದವನು ಹಿಂದಿರುಗಿದಂತೆ ಕಾಣುತ್ತದೆ.

ಒಂದು ಫೋಟೋ ತೆಗೆದುಕೊಂಡರೆ ಸಾಲದೇ ಎಂದು ನೀವು ಕೇಳಬಹುದು. ಸೆರಗಿಗೆ, ತಟ್ಟೆಗೆ ಫೋಟೋ ಸಾಕು. ಇಂದಂತೂ ಅದನ್ನು ತೆಗೆದ ಕೂಡಲೇ ನೋಡಬಹುದು. ಆದರೆ ನಿಂತ ಚಿತ್ರಕ್ಕೆ ಚಲನೆ ತಿಳಿಯದು. ತಾಯಿ ತಟ್ಟೆಯನ್ನು ಎತ್ತಿದ್ದು ಮಾತಿಗೆ ಮೊದಲೋ, ಮಾತಿನ ನಡುವೆಯೋ? ಇದನ್ನು ಬರೆಯಲು ಸುಲಭವಾದ ಮಾರ್ಗವೆಂದರೆ ಸಂಭಾಷಣೆಯ ಹಾಳೆಯಲ್ಲಿ ಆ ಪದದ ಕೆಳಗೆ ಗೆರೆ ಎಳೆದು, ‘ಇಲ್ಲಿ ಬಲಗೈ ಎತ್ತಿದಳು’ ಎಂದು ಗುರುತು ಮಾಡುವುದು. ಒಂದು ಷಾಟನ್ನು ನಾಲ್ಕು ಸಲ ತೆಗೆದರೆ ನಟಿ ನಾಲ್ಕು ಸಲವೂ ಒಂದೇ ಪದಕ್ಕೆ ಕೈ ಎತ್ತುವುದಿಲ್ಲ. ಆದುದರಿಂದ ಪ್ರತಿಯೊಂದು ಸಲದ್ದೂ ಬೇರೆ ಬೇರೆ ಟಿಪ್ಪಣಿ. ನಿರ್ದೇಶಕರು ಮೆಚ್ಚಿದ ಸಲ ಯಾವುದೆಂಬ ಗುರುತೂ ಜೊತೆಗೆ ಬೇಕು. ಅದಿಲ್ಲದಿದ್ದರೆ ಮುಂದೆ ಯಾವುದಕ್ಕೆ ಹೊಂದಿಸಬೇಕೆಂಬುದೇ ತಿಳಿಯದು. ತಪ್ಪಿದಾಗ ಅದು ಬೆಳಕಿಗೆ ಬರುವುದು ಸಂಕಲನದ ಮೇಜಿನ ಮೇಲೆ: ಎತ್ತಿದ್ದ ಕೈ ಮರುಕ್ಷಣವೇ ಕೆಳಗಿರುತ್ತದೆ, ಕರಗುತ್ತಿದ್ದ ಅನ್ನ ಮತ್ತೆ ಹೆಚ್ಚಿರುತ್ತದೆ. ಆ ವೇಳೆಗೆ ನಟರು ಮನೆ ಸೇರಿರುತ್ತಾರೆ.

ಟಿಪ್ಪಣಿ ಎಷ್ಟೇ ಚೆನ್ನಾಗಿದ್ದರೂ ಹೋದದ್ದನ್ನು ಹಿಂದಕ್ಕೆ ತರಲಾರದು. ಆರು ತಿಂಗಳ ಮೇಲೆ ಹೋದಾಗ ಆ ನಾಯಿಯೇ ಸತ್ತಿತ್ತು! ಹುಡುಕಿದಾಗ ಅದೇ ಬಣ್ಣದ, ಬಾಲದ ತುದಿ ಕೂಡ ಹಾಗೆಯೇ ಬೆಳ್ಳಗಿದ್ದ ಇನ್ನೊಂದು ನಾಯಿ ಸಿಕ್ಕಿತು. ಮಿಠಾಯಿ ಮಾರುವವನ ಪಾತ್ರಧಾರಿಯೂ ನಡುವೆ ತೀರಿಕೊಂಡರು. ಅವರ ಮುಖದಂತಹ ಮುಖ ಸಿಗಲಿಲ್ಲ, ಮೈಕಟ್ಟು ಮಾತ್ರ ಸಿಕ್ಕಿತು. ಹೊಸಬರ ಬೆನ್ನನ್ನಷ್ಟೇ ಕ್ಯಾಮರಾಕ್ಕೆ ತೋರಿಸಿದರು. ಅಕ್ಕತಮ್ಮಂದಿರು ರೈಲು ನೋಡಲು ಹೋಗುವ ಕಾಶ ಹೂವಿನ ಬಯಲಿನ ಕತೆ ಇನ್ನೂ ಬೇರೆ. 1952ರಲ್ಲಿ ಅರ್ಧ ದೃಶ್ಯ ತೆಗೆದು ಏಳು ದಿನಗಳ ಮೇಲೆ ಹೋದರೆ ದನಗಳು ಹೂವನ್ನೆಲ್ಲಾ ಮೇದುಬಿಟ್ಟಿದ್ದವು. ಬೋಳು ಬಯಲನ್ನು ಹೂವಿನ ಬಯಲಿಗೆ ಯಾವ ಉಪಾಯದಿಂದಲೂ ಜೋಡಿಸುವಂತಿರಲಿಲ್ಲ. ಮುಂದಿನ ಶರತ್ಕಾಲದಲ್ಲಿ ಹೂ ಬಿಡುವವರೆಗೆ ಕಾದರು.

ಮೂರು ಸಲವೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಹಿಂದಿನ ಷಾಟಿನಲ್ಲಿ ಪ್ರೇಕ್ಷಕ ಏನನ್ನು ನೋಡಿದ್ದಾನೆ? ನಾಯಿಯ ಬಾಲವನ್ನು ನೋಡಿದ್ದರೆ ಬಾಲ ಹೊಂದಬೇಕು. ಮುಂದಿನ ಷಾಟಿನಲ್ಲಿ ಬೆನ್ನನ್ನು ಮಾತ್ರ ನೋಡುವುದಾದರೆ ಮುಖ ಹೊಂದಬೇಕಾಗಿಲ್ಲ. ಬಯಲಿನ ತುಂಬ ಹೂವನ್ನೇ ನೋಡಿದ್ದರೆ ಹೂವೇ ಬೇಕು. ಆ ಪ್ರಶ್ನೆಗೆ ನೆನಪನ್ನು ನಂಬದೆ ಉತ್ತರ ಹೇಳಲಿಕ್ಕಾಗಿಯೇ ಈ ಟಿಪ್ಪಣಿ.