ಬ್ರೆಡ್ ಇದ್ದರೆ ‘ದ್ಯು’, ಇಲ್ಲದಿದ್ದರೆ ‘ದ’

ಫ್ರೆಂಚಿನಲ್ಲಿ ‘ನಾನು ಬ್ರೆಡ್ ತಿನ್ನುತ್ತೇನೆ’ ಎನ್ನಲು ‘ಜ ಮಾಂಜ್ ದ್ಯು ಪ್ಯಾಂ’ ಎನ್ನಬೇಕು. ‘ಜ’ ಅಂದರೆ ನಾನು, ‘ಮಾಂಜ್’ ಅಂದರೆ ತಿನ್ನುತ್ತೇನೆ, ‘ಪ್ಯಾಂ’ ಅಂದರೆ ಬ್ರೆಡ್. ನಡುವೆ ಕೂತಿರುವ ‘ದ್ಯು’ ಕನ್ನಡಕ್ಕೆ ಬರುವಾಗ ಮಾಯವಾಗುತ್ತದೆ. ಫ್ರೆಂಚಿನಲ್ಲಿ ಮಾತ್ರ ಅದನ್ನು ಬಿಟ್ಟರೆ ವಾಕ್ಯವೇ ಕುಂಟುತ್ತದೆ. ಅದೇ ವ್ಯಕ್ತಿ ಬ್ರೆಡ್ ತಿನ್ನುವುದಿಲ್ಲ ಎಂದರೆ ವಾಕ್ಯ ‘ಜ ನ ಮಾಂಜ್ ಪಾ ದ ಪ್ಯಾಂ’ ಎಂದಾಗುತ್ತದೆ. ‘ಇಲ್ಲ’ ಬಂದ ಕೂಡಲೇ ‘ದ್ಯು’ ಹೋಗಿ ಬರೀ ‘ದ’ ಉಳಿಯುತ್ತದೆ.

ಫ್ರೆಂಚ್ ಕಲಿಯುವವರು ಇದನ್ನು ಸಾಮಾನ್ಯವಾಗಿ ನಿಯಮವೆಂದು ಉರು ಹೊಡೆಯುತ್ತಾರೆ. ಆದರೆ ಈ ನಿಯಮದ ಹಿಂದೆ ಸೊಗಸಾದ ಕಾರಣವೊಂದಿದೆ. ಅದು ಗೊತ್ತಾದರೆ ನಿಯಮ ತಾನಾಗಿ ನೆನಪಿನಲ್ಲಿ ನಿಲ್ಲುತ್ತದೆ, ಅದರ ಅಪವಾದಗಳೂ ಅಪವಾದಗಳಂತೆ ಕಾಣುವುದಿಲ್ಲ.

ಮೊದಲು ‘ದ್ಯು’ ಹುಟ್ಟಿದ ಬಗೆ ನೋಡೋಣ. ‘ದ’ ಅಂದರೆ ‘ಇಂದ’ ಅಥವಾ ‘ಅದರ’. ‘ಲ’ ಎಂಬುದು ಇಂಗ್ಲಿಷಿನ ‘ದಿ’ಯಂಥ ಆರ್ಟಿಕಲ್. ‘ದ’ ಮತ್ತು ‘ಲ’ ಬೆಸೆದು ‘ದ್ಯು’ ಆಯಿತು. ಹಾಗಾಗಿ ‘ದ್ಯು ಪ್ಯಾಂ’ ಎಂಬುದರ ಮೂಲ ಅರ್ಥ ‘ಆ ಬ್ರೆಡ್ಡಿನಿಂದ ಒಂದಷ್ಟು’. ಹಳೆಯ ಫ್ರೆಂಚಿನಲ್ಲಿ ಇದು ನಿಜಕ್ಕೂ ಎದುರಿಗಿರುವ ಬ್ರೆಡ್ಡಿನಿಂದ, ಎದುರಿಗಿರುವ ವೈನಿನಿಂದ ಒಂದು ಪಾಲು ತೆಗೆದುಕೊಳ್ಳುವ ಮಾತಾಗಿತ್ತು. ಸುಮ್ಮನೆ ಬ್ರೆಡ್ ತಿನ್ನುವ ಸಂಗತಿ ಹೇಳುವಾಗ ಆಗಿನವರು ನಮ್ಮ ಹಾಗೆಯೇ ಏನೂ ಸೇರಿಸದೆ ಹೇಳಬಹುದಿತ್ತು. ಬರಬರುತ್ತಾ ‘ದ್ಯು’ ಎಲ್ಲ ಕಡೆಗೂ ಹಬ್ಬಿ, 17ನೇ ಶತಮಾನದ ಹೊತ್ತಿಗೆ ಬಿಡಲಾಗದ ಪದವಾಗಿ ಕೂತಿತು.

ಸ್ತ್ರೀಲಿಂಗದ ಪದಗಳಿಗೆ ಇದು ‘ದ ಲಾ’: ಜಾಮ್‌ಗೆ ‘ದ ಲಾ ಕೊಂಫಿತ್ಯೂರ್’. ಸ್ವರದಿಂದ ಶುರುವಾಗುವ ಪದದ ಮುಂದೆ ಲಿಂಗ ಯಾವುದೇ ಇರಲಿ ಅದು ‘ದ ಲ್’ ಎಂದು ಮೊಟಕಾಗುತ್ತದೆ: ನೀರಿಗೆ ‘ದ ಲೋ’. ಬಹುವಚನಕ್ಕೆ ‘ದೇ’: ಪಾಲಕ್ ಸೊಪ್ಪಿಗೆ ಫ್ರೆಂಚರು ಬಹುವಚನವನ್ನೇ ಬಳಸಿ ‘ದೇಜ್ ಎಪಿನಾರ್’ ಎನ್ನುತ್ತಾರೆ. ಈ ‘ದೇ’ ಎಣಿಸಬಹುದಾದ ವಸ್ತುಗಳ ಬಹುವಚನಕ್ಕೂ ಬರುವುದರಿಂದ, ಅದನ್ನು ಪಾರ್ಟಿಟಿವ್ ಎನ್ನಬೇಕೋ ಬೇಡವೋ ಎಂದು ವ್ಯಾಕರಣಕಾರರು ವಾದ ಮಾಡುತ್ತಾರೆ. ‘ಇಲ್ಲ’ ಬಂದಾಗ ಎರಡೂ ಒಂದೇ ರೀತಿ ನಡೆದುಕೊಳ್ಳುವುದರಿಂದ ಕಲಿಯುವವರು ಆ ವಾದಕ್ಕೆ ಇಳಿಯಬೇಕಾಗಿಲ್ಲ.

ಅಳತೆಯ ಪದ ಬಂದಾಗ ಏನಾಗುತ್ತದೆ ಎನ್ನುವಲ್ಲಿ ನಮ್ಮ ಒಗಟಿನ ಬೀಗದ ಕೈ ಇದೆ. ‘ತುಂಬಾ ಬ್ರೆಡ್’ ಎನ್ನಲು ‘ಬೋಕೂ ದ ಪ್ಯಾಂ’. ‘ಸ್ವಲ್ಪ ಬ್ರೆಡ್’ ಎನ್ನಲು ‘ಅಂ ಪ ದ ಪ್ಯಾಂ’. ‘ಒಂದು ತುಂಡು ಬ್ರೆಡ್’ ಎನ್ನಲು ‘ಅಂ ಮೋರ್ಸೋ ದ ಪ್ಯಾಂ’. ಎಲ್ಲಿಯೂ ‘ದ್ಯು’ ಇಲ್ಲ, ಬರೀ ‘ದ’. ‘ಒಂದಷ್ಟು’ ಎಂಬ ಕೆಲಸವನ್ನು ಅಳತೆಯ ಪದವೇ ಮಾಡುತ್ತಿರುವಾಗ ‘ದ್ಯು’ಗೆ ಅಲ್ಲಿ ಕೆಲಸವಿಲ್ಲ.

‘ಇಲ್ಲ’ ಎನ್ನುವ ‘ಪಾ’ ಕೂಡ ಒಂದು ಕಾಲಕ್ಕೆ ಅಳತೆಯ ಪದವೇ ಆಗಿತ್ತು.

‘ಪಾ’ ಅಂದರೆ ಹೆಜ್ಜೆ. ಇವತ್ತಿಗೂ ಫ್ರೆಂಚಿನಲ್ಲಿ ಆ ಅರ್ಥ ಬಳಕೆಯಲ್ಲಿದೆ. ಹಳೆಯ ಫ್ರೆಂಚಿನಲ್ಲಿ ನಿಷೇಧಕ್ಕೆ ಕ್ರಿಯಾಪದದ ಹಿಂದೆ ಬರುವ ‘ನ’ ಒಂದೇ ಸಾಕಿತ್ತು. ಆ ‘ನ’ ಬಹಳ ಮೆಲುದನಿಯದು. ಅದಕ್ಕೆ ಬಲ ಕೊಡಲು ಜನ ಒಂದೊಂದು ಸಣ್ಣ ಅಳತೆ ಸೇರಿಸಿದರು: ಒಂದು ಹೆಜ್ಜೆಯನ್ನೂ ನಡೆಯಲಿಲ್ಲ, ಒಂದು ಹನಿಯನ್ನೂ ಕುಡಿಯಲಿಲ್ಲ, ಒಂದು ಚೂರನ್ನೂ ತಿನ್ನಲಿಲ್ಲ. ನಡೆಯುವುದಕ್ಕೆ ‘ಪಾ’, ಕುಡಿಯುವುದಕ್ಕೆ ‘ಗೂತ್’, ತಿನ್ನುವುದಕ್ಕೆ ‘ಮೀ’. ಆಮೇಲೆ ‘ಪಾ’ ತನ್ನ ಹೆಜ್ಜೆಯ ಅರ್ಥ ಬಿಟ್ಟು ಎಲ್ಲ ಕ್ರಿಯಾಪದಗಳ ಜೊತೆಗೂ ಸೇರಿ, ಉಳಿದವನ್ನು ಪಕ್ಕಕ್ಕೆ ತಳ್ಳಿತು. ಸೋತ ‘ಮೀ’ ಈಗ ಬ್ರೆಡ್ಡಿನ ಒಳಗಿನ ಮೆತ್ತನೆಯ ಭಾಗದ ಹೆಸರು. ಫ್ರಾನ್ಸಿನ ಅಂಗಡಿಗಳಲ್ಲಿ ನಮ್ಮ ಸ್ಯಾಂಡ್‌ವಿಚ್ ಬ್ರೆಡ್ಡಿನಂಥದ್ದು ‘ಪ್ಯಾಂ ದ ಮೀ’ ಎಂಬ ಹೆಸರಿನಲ್ಲೇ ಸಿಗುತ್ತದೆ.

ಒಂದು ಭಾಷೆಯ ‘ಇಲ್ಲ’ ಹೀಗೆ ಸವೆದು, ಬೇರೆ ಪದದ ಊರುಗೋಲು ಹಿಡಿದು, ಕೊನೆಗೆ ಆ ಊರುಗೋಲೇ ‘ಇಲ್ಲ’ ಆಗಿಬಿಡುವ ಕ್ರಮವನ್ನು ಡೆನ್ಮಾರ್ಕಿನ ಭಾಷಾವಿಜ್ಞಾನಿ ಒಟ್ಟೊ ಯೆಸ್ಪರ್ಸನ್ 1917ರಲ್ಲಿ ವಿವರಿಸಿದರು. ಈಗ ಅದಕ್ಕೆ ಅವರ ಹೆಸರೇ ಇದೆ.

ಹಾಗಾದರೆ ‘ಪಾ ದ ಪ್ಯಾಂ’ ಎಂಬುದು ‘ಬೋಕೂ ದ ಪ್ಯಾಂ’ ಇರುವ ಸಾಲಿನಲ್ಲೇ ನಿಲ್ಲುತ್ತದೆ. ಒಂದು ತುಂಬಾ, ಇನ್ನೊಂದು ಸೊನ್ನೆ. ಎರಡೂ ಅಳತೆಗಳೇ. ನೀರಿಲ್ಲದಿದ್ದರೆ ‘ಪಾ ದೋ’, ಪಾಲಕ್ ಇಲ್ಲದಿದ್ದರೆ ‘ಪಾ ದೆಪಿನಾರ್’. ಲಿಂಗ ವಚನಗಳ ಭೇದವೆಲ್ಲ ಆ ಸೊನ್ನೆಯಲ್ಲಿ ಅಳಿಸಿಹೋಗುತ್ತದೆ.

ಈ ಕಾರಣ ಹಿಡಿದು ಹೊರಟರೆ ‘ದ್ಯು’ ಎಲ್ಲಿ ಬದಲಾಗುವುದಿಲ್ಲ ಎಂಬುದೂ ತಿಳಿಯುತ್ತದೆ. ತಟ್ಟೆಯಲ್ಲಿರುವ ಹಳದಿ ಮುದ್ದೆಯನ್ನು ತೋರಿಸಿ ‘ಇದು ಬೆಣ್ಣೆಯಲ್ಲ, ಮಾರ್ಗರೀನ್’ ಎನ್ನುವುದಾದರೆ ‘ಸ ನೇ ಪಾ ದ್ಯು ಬರ್, ಸೆ ದ ಲಾ ಮಾರ್ಗರೀನ್’ ಎನ್ನುತ್ತಾರೆ. ಇಲ್ಲಿ ‘ದ್ಯು’ ಹಾಗೇ ಉಳಿದಿದೆ. ಬೆಣ್ಣೆಯ ಪ್ರಮಾಣ ಸೊನ್ನೆ ಎಂದು ಯಾರೂ ಹೇಳುತ್ತಿಲ್ಲ. ತಟ್ಟೆಯಲ್ಲಿರುವುದು ಏನು ಎಂಬುದಷ್ಟೇ ಮಾತು. ಕನ್ನಡ ಓದುಗರಿಗೆ ಈ ಭೇದ ಸುಲಭ: ‘ಬೆಣ್ಣೆ ಇಲ್ಲ’ ಎನ್ನುವಲ್ಲಿ ‘ದ’, ‘ಬೆಣ್ಣೆ ಅಲ್ಲ’ ಎನ್ನುವಲ್ಲಿ ‘ದ್ಯು’. ಇಂಗ್ಲಿಷ್ ‘ನಾಟ್’ ಎಂಬ ಒಂದೇ ಪದದಲ್ಲಿ ಮುಗಿಸುವುದನ್ನು ಕನ್ನಡ ಎರಡು ಪದಗಳಲ್ಲಿ ಹೇಳುತ್ತದೆ. ಫ್ರೆಂಚ್ ಕಲಿಯುವ ಕನ್ನಡಿಗರು ಇಲ್ಲಿ ಇಂಗ್ಲಿಷಿನ ದಾರಿ ಬಿಟ್ಟು ಕನ್ನಡದಲ್ಲೇ ಯೋಚಿಸುವುದು ಒಳ್ಳೆಯದು.

ಇನ್ನೂ ಸೂಕ್ಷ್ಮವಾದ ಉದಾಹರಣೆ: ‘ಜ ನೇ ಪಾ ಅಶ್ತೇ ದ್ಯು ಪ್ಯಾಂ ಪೂರ್ ಲ ಜತೇ’. ಬಿಸಾಡುವುದಕ್ಕೆ ನಾನು ಬ್ರೆಡ್ ತಂದದ್ದಲ್ಲ ಎಂದು ಮನೆಯ ಹಿರಿಯರು ಗದರುವ ಮಾತು. ವಾಕ್ಯದಲ್ಲಿ ‘ಪಾ’ ಇದೆ, ಆದರೂ ‘ದ್ಯು’ ಕದಲಿಲ್ಲ. ಬ್ರೆಡ್ ತಂದದ್ದು ನಿಜ, ಅದು ಮೇಜಿನ ಮೇಲಿದೆ. ಅಲ್ಲಗಳೆದಿರುವುದು ಬಿಸಾಡುವ ಉದ್ದೇಶವನ್ನು ಮಾತ್ರ. ಇದೇ ಜಾಗದಲ್ಲಿ ‘ದ’ ಹಾಕಿದರೆ ಕೇಳಿದವರು ಬ್ರೆಡ್ಡನ್ನೇ ತಂದಿಲ್ಲವೆಂದುಕೊಂಡು, ‘ಬಿಸಾಡಲು’ ಎಂಬ ಮುಂದಿನ ಮಾತು ಬಂದಾಗ ತಬ್ಬಿಬ್ಬಾಗುತ್ತಾರೆ. ಉಲ್ಟಾ ತಪ್ಪಿಗೂ ಇಂಥದ್ದೇ ಫಲ: ‘ಜ ನ ಮಾಂಜ್ ಪಾ ದ್ಯು ಪ್ಯಾಂ’ ಎಂದು ನಿಲ್ಲಿಸಿದರೆ, ಬ್ರೆಡ್ ಅಲ್ಲದಿದ್ದರೆ ಮತ್ತೇನು ತಿನ್ನುತ್ತಿದ್ದೀರಿ ಎಂದು ಫ್ರೆಂಚರು ಮುಂದಿನ ಮಾತಿಗೆ ಕಾಯುತ್ತಾರೆ.

‘ಇಷ್ಟ’ ಎಂಬ ಕ್ರಿಯೆಯದು ಬೇರೆ ಕಥೆ. ಬ್ರೆಡ್ ಇಷ್ಟ ಅಂದರೆ ಅದರ ಒಂದು ಪಾಲಲ್ಲ, ಬ್ರೆಡ್ ಎಂಬ ಪದಾರ್ಥವೇ ಇಷ್ಟ. ಹಾಗಾಗಿ ಮೊದಲಿಂದಲೇ ‘ಜೆಮ್ ಲ ಪ್ಯಾಂ’. ಇಷ್ಟವಿಲ್ಲದಿದ್ದರೂ ‘ಜ ನೆಮ್ ಪಾ ಲ ಪ್ಯಾಂ’. ಪಾಲಿನ ಮಾತೇ ಇಲ್ಲದ ಕಡೆ ಸೊನ್ನೆಯಾಗುವುದಕ್ಕೂ ಏನಿಲ್ಲ. ‘ಇಲ್ ನ ಬ್ವಾ ಕ ದ ಲೋ’ ಎಂಬಲ್ಲಿಯೂ ‘ನ’ ಇದೆ, ಆದರೆ ಅರ್ಥ ‘ಅವನು ನೀರನ್ನು ಮಾತ್ರ ಕುಡಿಯುತ್ತಾನೆ’ ಎಂದು. ನೀರು ಕುಡಿಯುತ್ತಿದ್ದಾನಲ್ಲ, ಅದಕ್ಕೇ ‘ದ ಲೋ’ ಪೂರ್ತಿಯಾಗಿ ಉಳಿಯುತ್ತದೆ.

ಇವತ್ತಿನ ಮಾತಿನ ಫ್ರೆಂಚಿನಲ್ಲಿ ಹಳೆಯ ‘ನ’ ಬಹುಮಟ್ಟಿಗೆ ಬಿದ್ದೇ ಹೋಗಿದೆ. ಮನೆಯಲ್ಲಿ, ಬೀದಿಯಲ್ಲಿ ಜನ ‘ಜ ಮಾಂಜ್ ಪಾ ದ ಪ್ಯಾಂ’ ಎಂದೇ ಹೇಳುತ್ತಾರೆ. ಬೇಗ ಮಾತಾಡುವಾಗ ‘ದ’ದ ಸ್ವರವೂ ಕರಗಿ ‘ಪಾ ದ್ ಪ್ಯಾಂ’ ಆಗುತ್ತದೆ. ಹೊಸದಾಗಿ ಕಲಿಯುವವರ ಕಿವಿಗೆ ಈ ‘ದ್’ ಬೀಳುವುದೇ ಇಲ್ಲ, ‘ಪಾ ಪ್ಯಾಂ’ ಎಂದಷ್ಟೇ ಕೇಳುತ್ತದೆ. ತಾವೂ ಹಾಗೇ ಹೇಳಲು ಹೊರಡುತ್ತಾರೆ. ಎರಡು ‘ಪ’ಗಳ ನಡುವೆ ನಾಲಿಗೆ ಒಂದು ಕ್ಷಣ ಹಲ್ಲಿನ ಹಿಂಬದಿಗೆ ತಾಗುವುದನ್ನು ಗಮನಿಸಿದರೆ ಮಾತ್ರ ಆ ‘ದ’ ಸಿಗುತ್ತದೆ.